ಸ್ವಲ್ಪ ಮುಂದೆ ಹೋಗಿ ಸ್ವಾಮಿ

ನಮ್ಮ ಪ್ರಾಚೀನ ಕವಿಗಳು ಚಲಿಸುವ ವಸ್ತುಗಳನ್ನೆಲ್ಲ ಮನಸಾರೆ ಹಾಡಿದ್ದಾರೆ. ಮೋಡ, ನದಿ, ರಥ, ಹಂಸ, ಮದಗಜ, ಮಂದಮಾರುತ ಎಂದು ಹೇಳುತ್ತ ಹೋದರೆ ಪಟ್ಟಿ ಮುಗಿಯುವುದಿಲ್ಲ. ಆದರೆ ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿ, ಹೊಗೆಯುಗುಳುತ್ತ, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿರುವ ವಾಹನಗಳ ಸಾಲನ್ನು ವರ್ಣಿಸುವ ಭಾಗ್ಯ ಅವರಿಗೆ ಒದಗಲಿಲ್ಲ. ಕಾಳಿದಾಸನ ಯಕ್ಷನಿಗೆ ಶಾಪದ ಅವಧಿಯಲ್ಲಿ ಇನ್ನು ನಾಲ್ಕು ತಿಂಗಳು ಮಾತ್ರ ಉಳಿದಿತ್ತು. ಅವನು ತನ್ನ ಸಂದೇಶವನ್ನು ಆಕಾಶಮಾರ್ಗದಲ್ಲಿ ಹೋಗುವ ಮೇಘನ ಕೈಯಲ್ಲಿ ಕಳುಹಿಸದೆ ಇಂದಿನ ಯಾವುದಾದರೊಂದು ಮಹಾನಗರದ ರಸ್ತೆಯ ಮೂಲಕ ಕಳುಹಿಸಿದ್ದರೆ, ಶಾಪ ತೀರಿ ಯಕ್ಷನೇ ಅಲಕಾಪುರಿಗೆ ನಡೆದು ಹೋಗಿ ಹೆಂಡತಿಯೊಡನೆ ಬಾಗಿಲಲ್ಲಿ ನಿಂತು ತನ್ನ ಸಂದೇಶವನ್ನು ತಾನೇ ಬರಮಾಡಿಕೊಳ್ಳುವ ಪ್ರಸಂಗ ಬರುತ್ತಿತ್ತು.

ಕೊಡಗಿನಲ್ಲಿ ಕುಳಿತವನಿಗೆ ಮಹಾನಗರದ ವಾಹನಸಂಕುಲದ ಗೊಡವೆ ಯಾಕೆ ಎಂದು ಓದುಗರು ಕೇಳಬಹುದು. ನಗರ ಒಂದೇ ಕಡೆ ಇರುತ್ತದೆ ಎಂಬ ಭಾವನೆಯುಳ್ಳವರ ಪ್ರಶ್ನೆ ಅದು. ನಮ್ಮ ಅನುಭವದಲ್ಲಿ ಬೆಂಗಳೂರು ಶುಕ್ರವಾರ ಸಂಜೆ ಆಫೀಸು ಬಾಗಿಲು ಹಾಕಿದೊಡನೆ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಮೈಸೂರಿನವರೆಗೆ ಬಾಣದಂತೆ ಬರುತ್ತದೆ. ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳಲ್ಲಿ ಮೆಲ್ಲಮೆಲ್ಲನೆ ಕಿರಿದಾಗುತ್ತ, ಶನಿವಾರ ಹೊತ್ತೇರುವಷ್ಟರಲ್ಲಿ ಮಡಿಕೇರಿಯ ಏರಿನಲ್ಲಿ ಬಂದು ನಿಂತುಬಿಡುತ್ತದೆ. ಸುಮಾರು 260 ಕಿಲೋಮೀಟರು ಪ್ರಯಾಣ ಮಾಡಿ ಅದು ತಂದದ್ದು ತಾನು ಬಿಟ್ಟುಬಂದ ಸಂಕಟವನ್ನೇ. ಕೊಡಗಿನ ಅರಸ ಮುದ್ದುರಾಜನು 1681ರಲ್ಲಿ ಇಲ್ಲಿ ರಾಜಧಾನಿಯನ್ನು ಕಟ್ಟಿದಾಗ ಬೆಟ್ಟದ ನೆತ್ತಿಯನ್ನು ಆರಿಸಿದ್ದು ಶತ್ರುಗಳು ಸುಲಭವಾಗಿ ಬಾರದಿರಲಿ ಎಂದಿರಬೇಕು. ಬೆಟ್ಟದ ಬೆನ್ನಿನ ಮೇಲೆ ಹರಡಿದ ಊರಿಗೆ ಅಗಲವಾಗುವುದಕ್ಕೆ ಸ್ಥಳವಿಲ್ಲ. ಒಂದು ಮಗ್ಗುಲಲ್ಲಿ ದಿಣ್ಣೆ, ಇನ್ನೊಂದು ಮಗ್ಗುಲಲ್ಲಿ ಕೊಲ್ಲಿ. ಮೈಸೂರು ಕಡೆಯಿಂದ ಬರುವವರೂ ಸಂಪಾಜೆ ಘಾಟಿ ಹತ್ತಿ ಮಂಗಳೂರು ಕಡೆಯಿಂದ ಬರುವವರೂ ಈ ಬೆನ್ನಿನ ಮೇಲೆಯೇ ಸಂಧಿಸಬೇಕು. ಅರಸನ ಯುಕ್ತಿ ಶತ್ರುವಿನ ವಿಷಯದಲ್ಲಿ ಎಷ್ಟು ಫಲಿಸಿತೋ ಚರಿತ್ರೆಕಾರರು ಹೇಳಲಿ. ಪ್ರವಾಸಿಗಳ ವಿಷಯದಲ್ಲಿ ಅರ್ಧ ಮಾತ್ರ ಫಲಿಸಿದೆ. ಅವರು ಬರುವುದನ್ನು ಅದು ತಡೆಯಲಿಲ್ಲ, ಹೋಗುವುದನ್ನು ತಡೆಯಿತು.

ದಸರೆಯ ಕಾಲದಲ್ಲಿ ಈ ದೃಶ್ಯ ಪರಾಕಾಷ್ಠೆಯನ್ನು ಮುಟ್ಟುತ್ತದೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ದೀಪಾಲಂಕಾರದೊಡನೆ ಹೊರಟು ಬೆಳಗಿನವರೆಗೆ ಬೀದಿಯಲ್ಲಿರುವಾಗ, ವಾಹನಗಳು ನಿಲ್ಲುವುದೇ ಧರ್ಮ. ಅಂದು ಯಾರೂ ದೂರುವುದಿಲ್ಲ. ಅದೇ ಉತ್ಸವದ ಅಂಗವಾಗಿ ಒಂದು ಬಹುಭಾಷಾ ಕವಿಗೋಷ್ಠಿಯೂ ನಡೆಯುತ್ತದೆ. ಅಲ್ಲಿ ಓದುವುದಕ್ಕೆಂದು, ಮಿತ್ರರೊಬ್ಬರ ಒತ್ತಾಯದಿಂದ, ನಾನು ಈ ಸಾಲುಗಟ್ಟುವ ಸಂಕಟದ ಮೇಲೆ ಒಂದು ವಿನೋದಗೀತೆಯನ್ನು ಕಟ್ಟಬೇಕಾಯಿತು. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲ ಬಲ್ಲವರು ಕುಳಿತ ಸಭೆಯಲ್ಲಿ ಹಾಡಿನ ಸೂಕ್ಷ್ಮಗಳು ಎಲ್ಲರಿಗೂ ತಲುಪಲಾರವು. ಆದುದರಿಂದ ಸಭೆಯವರು ಒಮ್ಮೆ ಕೇಳಿದೊಡನೆ ತಾವೂ ಹಾಡಬಲ್ಲಂಥ ಒಂದು ಪಲ್ಲವಿ ಬೇಕು, ಅದು ಸಿಕ್ಕಿದ ಮೇಲೆಯೇ ಮಿಕ್ಕದ್ದು, ಎಂದು ನಿಶ್ಚಯಿಸಿದೆ.

ಪಲ್ಲವಿಯನ್ನು ಕಲ್ಪಿಸಿಕೊಳ್ಳುವ ಶ್ರಮ ನನಗೆ ಬೀಳಲಿಲ್ಲ. ಅದನ್ನು ಬಸ್ಸಿನ ಕಂಡಕ್ಟರರು ಹಿಂದಿನಿಂದಲೂ ಹಾಡುತ್ತಲೇ ಇದ್ದಾರೆ. ಬಸ್ಸು ಬೇರುಬಿಟ್ಟ ಹಲಸಿನ ಮರದಂತೆ ನಿಂತಿದೆ; ಒಳಗೆ ಒಬ್ಬರ ಕಾಲಿನ ಮೇಲೆ ಇನ್ನೊಬ್ಬರ ಕಾಲು; ಆದರೂ ಕಂಡಕ್ಟರನು ಚೀಲವನ್ನು ಎದೆಗವಚಿಕೊಂಡು, ಜನರ ನಡುವೆ ತೂರುತ್ತ, ಪ್ರಯಾಣಿಕರನ್ನು ‘ಸ್ವಲ್ಪ ಮುಂದೆ ಹೋಗಿ’ ಎಂದು ಪ್ರಾರ್ಥಿಸುತ್ತಾನೆ. ನಿಂತ ಬಸ್ಸಿನೊಳಗೆ ಮುಂದೆ ಹೋಗಿ ಎನ್ನುವುದರಲ್ಲಿರುವ ವಿನೋದ ಅವನಿಗೆ ಕಾಣುವುದಿಲ್ಲ, ಕಾಣಲು ಪುರಸೊತ್ತೂ ಇಲ್ಲ. ನಾನು ಅದಕ್ಕೊಂದು ‘ಸ್ವಾಮಿ’ ಸೇರಿಸಿ ಎರಡು ಸಲ ಹೇಳಿಕೊಂಡೆ:

ಸ್ವಲ್ಪ ಮುಂದೆ ಹೋಗಿ ಸ್ವಾಮಿ, ಸ್ವಲ್ಪ ಮುಂದೆ ಹೋಗಿ.

ಬೆರಳೆಣಿಸಿ ನೋಡಿದರೆ ಒಂದೊಂದು ಪದಕ್ಕೂ ಮೂರು ಮೂರೇ ಮಾತ್ರೆ. ಹೀಗೆ ಮೂರು ಮಾತ್ರೆಯ ಗಣಗಳು ಒಂದರ ಹಿಂದೊಂದು ಕುಣಿಯುತ್ತ ಬರುವ ನಡೆಯನ್ನು ನಮ್ಮ ಛಂದಸ್ಸಿನವರು ಉತ್ಸಾಹ ರಗಳೆಯೆಂದು ಕರೆದರು. ನಿಂತಲ್ಲೇ ನಿಂತ ಬಸ್ಸಿನ ಕಂಡಕ್ಟರನು, ತನಗರಿವಿಲ್ಲದೆಯೇ, ಛಂದಸ್ಸಿನಲ್ಲಿ ಅತ್ಯಂತ ಲವಲವಿಕೆಯುಳ್ಳ ನಡೆಯನ್ನು ಹಿಡಿದಿದ್ದನು. ‘ಹೋಗಿ ಸ್ವಾಮಿ’ ಎಂಬಲ್ಲಿ ಮುಂದೆ ಒತ್ತಕ್ಷರ ಬಂದುದರಿಂದ ‘ಗಿ’ ಗುರುವಾಗಿ ಒಂದು ಮಾತ್ರೆ ಹೆಚ್ಚಾಗುವುದಲ್ಲವೇ ಎಂದು ಪಂಡಿತರೊಬ್ಬರು ಆಕ್ಷೇಪಿಸಿದರು. ಹಾಡುವಾಗ ಅಲ್ಲಿ ಪದವನ್ನು ಬಿಡಿಸಿಯೇ ಹೇಳುತ್ತೇವೆ, ಅದು ಲಘುವಾಗಿಯೇ ಉಳಿಯುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅಷ್ಟು ಕಿಕ್ಕಿರಿದ ಬಸ್ಸಿನಲ್ಲಿ ಇನ್ನೊಂದು ಮಾತ್ರೆ ಹತ್ತುವುದಕ್ಕೆ ಜಾಗವಾದರೂ ಎಲ್ಲಿ? ಇದಕ್ಕಿಂತ ದೊಡ್ಡ ಲಾಭ ಸಾಲಿನ ಕೊನೆಯಲ್ಲಿತ್ತು. ಗಣಗಳು ಏಳೇ ಆಗಿ ಎಂಟನೆಯದು ಬರಿದಾಗಿ ಉಳಿಯುತ್ತದೆ. ಹಾಡುವವನು ಅಲ್ಲಿ ಉಸಿರೆಳೆದುಕೊಳ್ಳಬಹುದು. ಆದರೆ ವಿಷಯ ಇಂಥದಾದ್ದರಿಂದ ಆ ಖಾಲಿ ಜಾಗದಲ್ಲಿ ಸಭೆಯವರು ‘ಪೋಂ’ ಎಂದು ಹಾರನ್ ಊದುವುದು ಇನ್ನೂ ಉಚಿತ. ವಿನೋದಗೀತೆಯಲ್ಲಿ ಕವಿ ತಾನೇ ಎಲ್ಲವನ್ನೂ ತುಂಬಿಬಿಡಬಾರದು; ಕೇಳುವವನಿಗೆ ಒಂದು ಗಣದಷ್ಟು ಸ್ಥಳ ಬಿಡಬೇಕು.

ಆದರೆ ಪಲ್ಲವಿ ಬಾಯಿಗೆ ಹತ್ತುವಂತಿದ್ದರೆ ಸಾಲದು. ಒಂದೇ ಸಾಲನ್ನು ಒಂದೇ ಅರ್ಥದಲ್ಲಿ ಮತ್ತೆ ಮತ್ತೆ ಹೇಳಿದರೆ ಎರಡನೆಯ ಸಲ ನಗುವವರು ಮೂರನೆಯ ಸಲ ಗಡಿಯಾರ ನೋಡುತ್ತಾರೆ. ಪುತ್ತರಿಯ ಸಮಯದಲ್ಲಿ ನಮ್ಮಲ್ಲಿ ನಾಲ್ವರು ದುಡಿ ಹಿಡಿದು ನಿಂತು ಹಾಡುವುದನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತು. ಇಬ್ಬರು ಒಂದು ಸಾಲನ್ನು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ಮರಳಿಸುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯ ಎಷ್ಟೋ ಹಾಡುಗಳು ಹೀಗೆ ಬಾಯಿಂದ ಬಾಯಿಗೆ ಮರಳುತ್ತಲೇ ಉಳಿದುಬಂದವು. ಮರಳಿಸುವ ಹೊತ್ತಿನಲ್ಲಿ ಮುಂದಾಳಿಗೆ ಮುಂದಿನ ಸಾಲನ್ನು ನೆನೆಯುವುದಕ್ಕೆ ಎಡೆ ಸಿಗುತ್ತದೆ, ಕೇಳುವವನಿಗೆ ಹಿಂದಿನ ಸಾಲನ್ನು ಒಳಗಿಳಿಸಿಕೊಳ್ಳುವುದಕ್ಕೆ ಎಡೆ ಸಿಗುತ್ತದೆ. ನನ್ನ ಹಾಡು ಅಂಥ ಗಂಭೀರ ಜಾತಿಯದಲ್ಲ. ಆದರೂ ಆ ಕ್ರಮದಿಂದ ಒಂದು ನಿಯಮವನ್ನು ಎರವಲು ಪಡೆದೆ. ಮಾತು ಬದಲಾಗಬಾರದು, ಮಾತಾಡುವವನು ಮಾತ್ರ ಪ್ರತಿ ಚರಣದಲ್ಲಿಯೂ ಬದಲಾಗಬೇಕು. ಮೊದಲನೆಯ ಚರಣ, ನ್ಯಾಯವಾಗಿ, ಕಂಡಕ್ಟರನಿಗೇ ಸಂದಿತು:

ಕಾಲ ಮೇಲೆ ಕಾಲು ಇಟ್ಟು ನಿಂತ ಬಸ್ಸಿನೊಳಗೆ
ಚೀಲ ಹಿಡಿದು ಚೀಟಿ ಹರಿದು ಕೂಗುತಿದ್ದನೊಬ್ಬ:
ಸ್ವಲ್ಪ ಮುಂದೆ ಹೋಗಿ ಸ್ವಾಮಿ, ಸ್ವಲ್ಪ ಮುಂದೆ ಹೋಗಿ.

ಇಲ್ಲಿ ಅದು ಬೇಡಿಕೆ. ಎರಡನೆಯ ಚರಣದಲ್ಲಿ ಬಸ್ಸಿನಿಂದ ಇಳಿದು ಕಾರಿನವನ ಬಾಯಿಗೆ ಬಂದಾಗ ಅದೇ ಮಾತು ಬೈಗುಳವಾಯಿತು:

ಹಿಂದಿನವನು ಹಾರನೊತ್ತಿ ಹೊಟ್ಟೆ ಉರಿದು ಬೈದ,
ಮುಂದಿನವನು ಕನ್ನಡಿಯಲಿ ಮೋರೆ ನೋಡಿ ನಕ್ಕ:
ಸ್ವಲ್ಪ ಮುಂದೆ ಹೋಗಿ ಸ್ವಾಮಿ, ಸ್ವಲ್ಪ ಮುಂದೆ ಹೋಗಿ.

ಮೂರನೆಯದರಲ್ಲಿ ಅದು ಸರಕಾರಿ ಉತ್ತರದ ಗಾಂಭೀರ್ಯವನ್ನು ತಾಳಿತು. ಇದು ನನ್ನದಲ್ಲ, ಮುಂದಿನ ಮೇಜಿನವರದು ಎಂಬ ಆ ಪುರಾತನ ಉತ್ತರವನ್ನು ಕಚೇರಿಗಳ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು:

ಲಗ್ನ ಮೀರುತಿಹುದು ಎಂದು ಮದುವೆ ಗಂಡು ಅತ್ತ,
ಮಗ್ನನಾದ ಪೇದೆ ನೋಡಿ ಮೆಲ್ಲನೆಂದ ನಗುತ:
ಸ್ವಲ್ಪ ಮುಂದೆ ಹೋಗಿ ಸ್ವಾಮಿ, ಸ್ವಲ್ಪ ಮುಂದೆ ಹೋಗಿ.

ಕಾಲ–ಚೀಲ, ಹಿಂದಿ–ಮುಂದಿ, ಲಗ್ನ–ಮಗ್ನ ಎಂದು ಸಾಲಿನ ಎರಡನೆಯ ಅಕ್ಷರವನ್ನು ಹೊಂದಿಸುವ ಆದಿಪ್ರಾಸ ಈಗಿನವರಿಗೆ ಹಳತಾಗಿ ಕಂಡೀತು. ಆದರೆ ಹಾಸ್ಯಕ್ಕೆ ಅದರಷ್ಟು ಸಹಾಯ ಮಾಡುವ ಉಪಾಯ ಇನ್ನೊಂದಿಲ್ಲ. ಪ್ರಾಸ ಸಾಲಿನ ಬಾಯಲ್ಲೇ ಬಂದುಬಿಡುವುದರಿಂದ ಲಗ್ನದ ಮಾತು ಬಂದೊಡನೆ ಕೇಳುವವನ ಕಿವಿ ಇನ್ನೊಂದು ‘ಗ್ನ’ಕ್ಕಾಗಿ ಕಾಯುತ್ತದೆ, ಮದುವೆಗೂ ಪೇದೆಗೂ ಏನು ಸಂಬಂಧವೆಂದು ಬುದ್ಧಿ ಕೇಳುವುದಕ್ಕೆ ಮುಂಚೆ ಕಿವಿ ಅವರಿಬ್ಬರನ್ನೂ ಒಂದುಗೂಡಿಸಿರುತ್ತದೆ. ಪೇದೆ ಯಾವುದರಲ್ಲಿ ಮಗ್ನನಾಗಿದ್ದನೆಂಬುದನ್ನು ನಾನು ಹೇಳಲಿಲ್ಲ. ಸಭೆಯವರು ತಂತಮ್ಮ ಅಂಗೈಯಲ್ಲಿದ್ದ ಮೊಬೈಲನ್ನು ನೋಡಿಕೊಂಡು ತಾವೇ ತಿಳಿದುಕೊಂಡರು.

ನಾಲ್ಕನೆಯ ಚರಣ ನನ್ನನ್ನು ಬಹಳ ಕಾಡಿತು. ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಳ್ಳುವ ಸಂಗತಿಯನ್ನು ಬಿಟ್ಟರೆ ಹಾಡು ಸುಳ್ಳಾಗುತ್ತದೆ, ತಂದರೆ ನಗೆ ಸತ್ತುಹೋಗುತ್ತದೆ. ಅದರಲ್ಲಿಯೂ ಕೊಡಗಿನವರಿಗೆ ಇದು ಎಲ್ಲಿಯೋ ನಡೆಯುವ ಕಥೆಯಲ್ಲ. ಕಾಯಿಲೆ ಕೈಮೀರಿದಾಗ ಇಲ್ಲಿಂದ ಸುಮಾರು 120 ಕಿಲೋಮೀಟರು ದೂರದ ಮೈಸೂರಿಗೋ ಘಾಟಿ ಇಳಿದು ಮಂಗಳೂರಿಗೋ ಓಡಬೇಕಾದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ, ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜನ ದೊಡ್ಡ ದನಿಯಲ್ಲೇ ಕೇಳಿದ್ದಾರೆ. ರೋಗಿಯ ಕಡೆಯಿಂದ ನೋಡಿದರೆ ಅಲ್ಲಿ ನಗುವಂಥದೇನೂ ಇಲ್ಲ. ಆದುದರಿಂದ ದೃಷ್ಟಿಯನ್ನು ರಸ್ತೆಯ ಕಡೆಗೆ ತಿರುಗಿಸಿದೆ. ಆಗ ಕಂಡದ್ದು ಪ್ರತಿದಿನವೂ ಕಣ್ಣೆದುರಿಗೇ ನಡೆಯುವ ಒಂದು ವಿಸ್ಮಯ. ಕಡ್ಡಿ ತೂರಿಸಲೂ ಎಡೆಯಿಲ್ಲವೆಂದು ಒಂದನ್ನೊಂದು ಶಪಿಸುತ್ತಿದ್ದ ವಾಹನಗಳು, ಹಿಂದೆ ಸೈರನ್ ಕೇಳಿದೊಡನೆ, ಒಂದು ಚರಂಡಿಯ ಅಂಚಿಗೆ, ಇನ್ನೊಂದು ಅಂಗಡಿಯ ಜಗಲಿಗೆ ಸರಿದು ನಡುವೆ ಒಂದು ದಾರಿಯನ್ನೇ ಸೃಷ್ಟಿಸಿಬಿಡುತ್ತವೆ. ಇಷ್ಟು ಸ್ಥಳ ಇಷ್ಟು ಹೊತ್ತು ಎಲ್ಲಿ ಅಡಗಿಕೊಂಡಿತ್ತು?

ಇಂಚು ಜಾಗವಿಲ್ಲವೆಂದ ಬೀದಿ ಬಾಯಿ ತೆರೆದು
ಕೊಂಚ ಕೊಂಚ ಸರಿದು ಕೊಟ್ಟು ಎಂದಿತೊಂದೆ ಮಾತು:
ಸ್ವಲ್ಪ ಮುಂದೆ ಹೋಗಿ ಸ್ವಾಮಿ, ಸ್ವಲ್ಪ ಮುಂದೆ ಹೋಗಿ.

ಇಲ್ಲಿ ಮಾತ್ರ ಕೊನೆಯ ಖಾಲಿ ಗಣದಲ್ಲಿ ಹಾರನ್ ಊದಬಾರದೆಂದು ಸಭೆಗೆ ಮೊದಲೇ ಸೂಚನೆ ಕೊಟ್ಟಿದ್ದೆ.

ಇಷ್ಟಾದ ಮೇಲೆ ಆ ಸಾಲು ನನ್ನ ತಲೆಯೊಳಗೆ ಬೇರೊಂದು ತರ್ಕವನ್ನು ಹೂಡಿತು. ಎಲ್ಲರೂ ಸ್ವಲ್ಪ ಮುಂದೆ ಹೋಗಬೇಕೆಂದು ಎಲ್ಲರೂ ಬಯಸುತ್ತಿರುವಾಗ ಯಾರೂ ಮುಂದೆ ಹೋಗುವುದಿಲ್ಲವೇಕೆ? ಇದಕ್ಕೆ ಜಪಾನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಉತ್ತರವಿದೆ. ಅವರು 230 ಮೀಟರು ಸುತ್ತಳತೆಯ ವೃತ್ತಾಕಾರದ ಹಾದಿಯಲ್ಲಿ 22 ಕಾರುಗಳನ್ನು ಬಿಟ್ಟು, ಗಂಟೆಗೆ ಸುಮಾರು 30 ಕಿಲೋಮೀಟರು ವೇಗದಲ್ಲಿ ಒಂದೇ ಸಮನೆ ಸುತ್ತಿರಿ ಎಂದು ಚಾಲಕರಿಗೆ ಹೇಳಿದರು. ಆ ಹಾದಿಯಲ್ಲಿ ಸಿಗ್ನಲ್ ಇರಲಿಲ್ಲ, ಗುಂಡಿಯಿರಲಿಲ್ಲ, ಅಡ್ಡ ಬರುವ ದನವಿರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕಾರುಗಳು ಗುಂಪುಗೂಡಿ ನಿಲ್ಲತೊಡಗಿದವು. ಒಬ್ಬನು ಮುಂದಿನವನಿಗೆ ತೀರ ಸಮೀಪಿಸಿ ಬ್ರೇಕನ್ನು ಕೊಂಚ ಒತ್ತುತ್ತಾನೆ. ಅದನ್ನು ಕಂಡ ಹಿಂದಿನವನು ಇನ್ನಷ್ಟು ಒತ್ತುತ್ತಾನೆ. ಅವನ ಹಿಂದಿನವನು ನಿಂತೇಬಿಡುತ್ತಾನೆ. ವಾಹನಗಳೆಲ್ಲ ಮುಂದಕ್ಕೆ ಹೋಗುತ್ತಿದ್ದರೂ ಈ ನಿಲುಗಡೆಯ ಅಲೆ ಮಾತ್ರ ಗಂಟೆಗೆ ಸುಮಾರು 20 ಕಿಲೋಮೀಟರು ವೇಗದಲ್ಲಿ ಹಿಂದಕ್ಕೆ ಹರಿಯುತ್ತಿತ್ತು. ಸಾಲಿನಲ್ಲಿ ಅರ್ಧ ಗಂಟೆ ನಿಂತು, ಕಡೆಗೆ ಮುಂದೆ ಹೋಗಿ ನೋಡಿದರೆ ಅಪಘಾತವೂ ಇಲ್ಲ, ಮುರಿದ ಲಾರಿಯೂ ಇಲ್ಲ, ರಸ್ತೆ ನಿರ್ಮಲವಾಗಿದೆ. ಇದೇಕೆ ಹೀಗೆಂದು ಬೆರಗಾದವರೆಲ್ಲ ಆ ಹಿಂದೆ ಹರಿಯುವ ಅಲೆಯ ಮೂಲಕ ಹಾದುಬಂದವರು. ಎದುರಿಗೆ ಒಂದು ಮಾರು ತೆರಪು ಕಂಡರೆ ತಟ್ಟನೆ ನುಗ್ಗಿ ಅದನ್ನು ತುಂಬುವವನು ದಾರಿ ಮಾಡಿಕೊಂಡೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಅಲೆಯನ್ನು ನುಂಗಿ ಅಡಗಿಸಬಹುದಾಗಿದ್ದ ಎಡೆಯನ್ನೇ ಅವನು ಇಲ್ಲವಾಗಿಸುತ್ತಾನೆ. ಹಾಗೆ ನೋಡಿದರೆ ನನ್ನ ಪಲ್ಲವಿ ಈ ರೋಗದ ನರಳಾಟವಲ್ಲ, ರೋಗಕ್ಕೆ ಅದೇ ಕಾರಣ.

ಬೆಟ್ಟದ ದಾರಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಘಾಟಿಯಲ್ಲಿ ಬಹುಕಾಲ ಬಸ್ಸು ನಡೆಸಿ ನಿವೃತ್ತರಾದ ಪರಿಚಿತರೊಬ್ಬರು ಅದನ್ನು ನನಗೆ ಮೇಜಿನ ಮೇಲೆ ಕಾಫಿ ಲೋಟಗಳನ್ನಿಟ್ಟು ತೋರಿಸಿದರು. ‘ಬಸ್ಸಿನ ಮೂತಿ ರಸ್ತೆಯ ಆಚೆ ಅಂಚಿಗೆ ಹೋಗದೆ ಹಿಂದಿನ ಚಕ್ರ ಈಚೆ ತಿರುಗುವುದಿಲ್ಲ ಸಾರ್, ಕಾರಿನವರಿಗೆ ಅದು ಹೇಗೆ ಗೊತ್ತಾಗಬೇಕು?’ ಎಂದರು. ಉದ್ದವಾದ ಬಸ್ಸು ಹತ್ತುತ್ತ ಕಡಿದಾದ ತಿರುವಿಗೆ ಬಂದಾಗ ಅದಕ್ಕೆ ರಸ್ತೆಯ ಪೂರ್ತಿ ಅಗಲ ಬೇಕು. ಇಳಿದು ಬರುವ ವಾಹನಗಳು ತಿರುವಿಗಿಂತ ಮೇಲೆಯೇ ಅರೆಕ್ಷಣ ನಿಂತರೆ ಬಸ್ಸು ಒಂದೇ ಉಸಿರಿಗೆ ತಿರುಗಿ ಹೋಗುತ್ತದೆ. ಆದರೆ ಇಳಿಯುವ ಸಾಲಿನಲ್ಲಿ ಹಿಂದೆ ನಿಂತ ಆತುರಗಾರನೊಬ್ಬನು ಬಲಗಡೆಯ ಬರಿದಾದ ಅರ್ಧವನ್ನು ಕಂಡು ಸ್ವಲ್ಪ ಮುಂದೆ ಬರುತ್ತಾನೆ. ಅವನ ಹಿಂದೆ ಇನ್ನೂ ನಾಲ್ವರು ಬರುತ್ತಾರೆ. ಈಗ ಬಸ್ಸಿನ ಮೂತಿಯೆದುರು ಕಾರು, ಕಾರಿನ ಎಡಕ್ಕೆ ತನ್ನ ಸಾಲಿನವರೇ, ಬಸ್ಸಿನ ಹಿಂದೆ ಹತ್ತುತ್ತ ಬಂದವರ ಸಾಲು. ಅಲ್ಲಿಗೆ ಬೀಗ ಬಿತ್ತು. ಕಡಿದಾದ ದಾರಿಯಲ್ಲಿ ಇಕ್ಕಟ್ಟಾದಾಗ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂದು ನಮ್ಮ ದೇಶದ ರಸ್ತೆ ನಿಯಮವೇ ಹೇಳುತ್ತದೆ; ಏರಿನಲ್ಲಿ ನಿಂತ ಭಾರವಾದ ವಾಹನ ಮತ್ತೆ ಹೊರಡುವುದು ಎಷ್ಟು ಕಷ್ಟವೆಂಬುದು ನಿಯಮ ಮಾಡಿದವರಿಗೆ ತಿಳಿದಿತ್ತು. ಈ ಬೀಗವನ್ನು ತೆಗೆಯುವ ಕೀಲಿಕೈ ಒಂದೇ: ನುಗ್ಗಿಬಂದ ಐವರಲ್ಲಿ ಕಟ್ಟಕಡೆಯವನು ಮೊದಲು ಹಿಂದಕ್ಕೆ ಸರಿಯಬೇಕು, ಆಮೇಲೆ ಅವನ ಮುಂದಿನವನು, ಕೊನೆಗೆ ಮೂತಿಯೆದುರು ನಿಂತ ವೀರ. ಆದರೆ ಕಟ್ಟಕಡೆಯವನಿಗೆ ಮುಂದೆ ಏನಾಗಿದೆಯೆಂಬುದೇ ಕಾಣುವುದಿಲ್ಲ. ಅವನು ಹಾರನ್ ಊದುತ್ತಿರುತ್ತಾನೆ. ಯಾರಾದರೂ ವಾಹನದಿಂದಿಳಿದು, ತಿರುವಿನ ಆಚೆಗೆ ನಡೆದು ಹೋಗಿ, ಅವನಿಗೆ ಹೇಳಬೇಕಾಗುತ್ತದೆ. ಹಾಗೆ ಇಳಿದು ಹೋಗುವವರು ಸಾಮಾನ್ಯವಾಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ಎಲ್ಲವನ್ನೂ ನೋಡಿದ, ಮನೆಯಲ್ಲಿ ಹಸು ಕಾಯುತ್ತಿರುವ, ಯಾರ ಮುಲಾಜೂ ಇಲ್ಲದ ಮುದುಕಿಯರೇ ಎಂದು ನಮ್ಮ ನಿವೃತ್ತ ಚಾಲಕರು ಹೇಳಿದರು.

ಹಾಡಿಗೆ ಮುಕ್ತಾಯ ದೊರೆಯಿತು. ‘ಮುಂದೆ’ ಇದ್ದಲ್ಲಿ ‘ಹಿಂದೆ’ ಇಟ್ಟರೂ ಮಾತ್ರೆ ಮೂರೇ, ತಾಳ ಕೆಡುವುದಿಲ್ಲ:

ಬೆಟ್ಟದೇರು ತಿರುವಿನಲ್ಲಿ ಬಸ್ಸು ಕಾರು ಎದುರು,
ಕಟ್ಟಕಡೆಗೆ ಅಜ್ಜಿಯೊಬ್ಬಳಿಳಿದು ಬಂದು ಅಂದ್ಳು:
ಸ್ವಲ್ಪ ಹಿಂದೆ ಹೋಗಿ ಸ್ವಾಮಿ, ಸ್ವಲ್ಪ ಹಿಂದೆ ಹೋಗಿ.

ಗೋಷ್ಠಿಯ ದಿನ ಮೊದಲ ನಾಲ್ಕು ಚರಣಗಳು ನಿರಾತಂಕವಾಗಿ ಸಾಗಿದವು; ಕನ್ನಡ ಅಷ್ಟಾಗಿ ಬಾರದವರೂ ಪಲ್ಲವಿಯನ್ನು ಹಿಡಿದುಕೊಂಡು, ಖಾಲಿ ಗಣದಲ್ಲಿ ನಾನಾ ಜಾತಿಯ ಹಾರನ್ನುಗಳನ್ನು ಊದಿದರು. ಐದನೆಯ ಚರಣದಲ್ಲಿ ನಾನು ‘ಹಿಂದೆ’ ಎಂದಾಗ ಮುಂದಿನ ಸಾಲಿನವರು ಕೇಳಿಸಿಕೊಂಡು ‘ಹಿಂದೆ ಹೋಗಿ’ ಎಂದರು. ಹಿಂದಿನ ಸಾಲಿನವರು ಅಭ್ಯಾಸಬಲದಿಂದ ‘ಮುಂದೆ ಹೋಗಿ’ ಎಂದೇ ಎತ್ತಿದರು. ನಡುವಿನವರು ಎರಡಕ್ಕೂ ಸಿಕ್ಕಿಬಿದ್ದು ‘ಸ್ವಲ್ಪ, ಸ್ವಲ್ಪ’ ಎಂಬಲ್ಲಿಯೇ ನಿಂತುಬಿಟ್ಟರು. ತಾಳ ತಪ್ಪಿತು, ಹಾಡು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿತು, ಹಾರನ್ನುಗಳು ಮಾತ್ರ ನಿರಂತರವಾಗಿ ಮೊಳಗುತ್ತಿದ್ದವು. ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಎದ್ದು ಕೈಯಾಡಿಸಿದರೂ ಯಾವ ಕಡೆಯವರೂ ದಾರಿ ಬಿಡಲಿಲ್ಲ. ಆಗ ಮಹಿಳೆಯರ ಸಾಲಿನ ತುದಿಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಎದ್ದು, ಸಭೆಯ ಹಿಂಭಾಗಕ್ಕೆ ತಿರುಗಿ, ‘ಆ ಕಟ್ಟಕಡೆಯವರು ಮೊದಲು ನಿಲ್ಲಿಸಿ’ ಎಂದು ಗದರಿದರು. ಮೂರೇ ಮಾತ್ರೆಯ ಹೊತ್ತಿನಲ್ಲಿ ರಸ್ತೆ ತೆರವಾಯಿತು.